ವಿಷಯ: ಉಪ್ಪಿನಕಾಯಿ ಪಾರ್ಸೆಲ್ ತಡವಾದದ್ದು ಮಳೆಯಿಂದಲ್ಲ, ನನ್ನಿಂದ

ಶಾಂತಲಾ ಮೇಡಂ, ನಮಸ್ಕಾರ.

ನಿನ್ನೆ ಸಂಜೆ ನಮ್ಮ ಕಡೆಯಿಂದ ಒಂದು ಮೇಲ್ ಬಂದಿರುತ್ತದೆ. "ಭಾರಿ ಮಳೆ, ಘಾಟಿಯಲ್ಲಿ ಅಡಚಣೆ, ಅನಿವಾರ್ಯ ಕಾರಣಗಳಿಂದ ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ" ಅಂತ. ಬರೆದವನು ನಾನೇ. ರಾತ್ರಿ ಮತ್ತೆ ಓದಿದಾಗ ನಾಚಿಕೆಯಾಯಿತು. ಮಳೆ ಹೊಡೆದದ್ದು ಹೌದು. ಆದರೆ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಪಾರ್ಸೆಲ್ ಬರುವುದು ಶಿವಮೊಗ್ಗದ ಮೇಲೆ. ಅದೇನು ಆಗುಂಬೆ ಘಾಟಿ ಇಳಿದು ಉಡುಪಿ ಸುತ್ತಿಕೊಂಡು ಬರುತ್ತದೆಯೇ? ಆ ಮೇಲ್ ಬದಿಗಿಡಿ. ನಡೆದದ್ದನ್ನು ಹೇಳುತ್ತೇನೆ.

ಆಗಸ್ಟ್ 4ಕ್ಕೆ ನೀವು ಎರಡು ಕೆಜಿ ಅಪ್ಪೆಮಿಡಿ, ನಾಲ್ಕು ಕಟ್ಟು ಹಲಸಿನ ಹಪ್ಪಳ ಹೇಳಿದಿರಿ. "ಮಗ 16ರ ರಾತ್ರಿ ಫ್ಲೈಟ್ ಹತ್ತುತ್ತಾನೆ, ಅಷ್ಟರೊಳಗೆ ಸಿಗಲೇಬೇಕು" ಅಂತಲೂ ಬರೆದಿದ್ದಿರಿ. 12ರೊಳಗೆ ತಲುಪಿಸುತ್ತೇವೆ ಎಂದು ನಾನೇ ಒಪ್ಪಿಕೊಂಡಿದ್ದೆ. 8ಕ್ಕೆಲ್ಲ ಬಾಟಲಿ ತುಂಬಿ, ಬಾಕ್ಸ್ ಕಟ್ಟಿ, ಮೇಲೆ "ಅರ್ಜೆಂಟ್" ಚೀಟಿಯನ್ನೂ ಅಂಟಿಸಿ ಆಗಿತ್ತು. ಬಾಗಿಲ ಹತ್ತಿರ ಇರಿಚಲು ಹೊಡೆಯುತ್ತದೆಂದು ಬಾಕ್ಸನ್ನು ಎತ್ತಿ ಅಡಿಕೆ ಮೂಟೆಗಳ ಹಿಂದೆ ಇಟ್ಟೆ. ಕೊರಿಯರ್ ಹುಡುಗ ಬಾಗಿಲ ಬಳಿ ಇದ್ದದ್ದನ್ನು ಒಯ್ದ. ನಿಮ್ಮದು ಅಲ್ಲೇ ಉಳಿಯಿತು.

ಇದಕ್ಕಿಂತ ದೊಡ್ಡ ತಪ್ಪು 13ರದ್ದು. ನೀವು ಫೋನ್ ಮಾಡಿದಾಗ, ರಸೀದಿ ನೋಡದೆ, "ಹೋಗಿದೆ ಮೇಡಂ, ನಾಳೆ ಬರುತ್ತೆ" ಅಂದುಬಿಟ್ಟೆ. ಆವಾಗಲೇ ಎದ್ದು ನೋಡಿದ್ದರೆ ರಾತ್ರಿ ಬಸ್ಸಿಗೆ ಹಾಕಿ ಬೆಳಗ್ಗೆ ನಿಮಗೆ ಸಿಗುವ ಹಾಗೆ ಮಾಡಬಹುದಿತ್ತು. 15 ರಜೆ. ಬಾಕ್ಸ್ ಕಣ್ಣಿಗೆ ಬಿದ್ದದ್ದು 16ರ ಮಧ್ಯಾಹ್ನ. ಆಗಲೂ ನಿಮಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ, ಸುಮ್ಮನೆ ಕಳಿಸಿದೆ. 18ಕ್ಕೆ ನಿಮ್ಮ ಮನೆಗೆ ಬಂತು, ಮಗ ಆಗಲೇ ಹೋಗಿಯಾಗಿತ್ತು. ತಪ್ಪಾಯಿತು ಮೇಡಂ, ಕ್ಷಮಿಸಿ.

ಮಿಡಿ ವರ್ಷವಿಟ್ಟರೂ ಕೆಡುವುದಿಲ್ಲ ಅಂತ ಸಮಾಧಾನ ಹೇಳಬಹುದು, ಹೇಳುವುದಿಲ್ಲ. ನಿಮಗೆ ಬೇಕಿದ್ದದ್ದು 16ಕ್ಕೆ.

ಕೊರಿಯರ್ ಚಾರ್ಜೂ ಸೇರಿ ನೀವು ಕೊಟ್ಟ 1,840 ರೂಪಾಯಿಯನ್ನು ಇವತ್ತು ಬೆಳಗ್ಗೆ ಅದೇ ಯುಪಿಐಗೆ ವಾಪಸ್ ಹಾಕಿದ್ದೇನೆ. ಬಾಕ್ಸ್ ಹಿಂದೆ ಕಳಿಸಬೇಡಿ, ಅದು ನಿಮ್ಮದೇ. ಮಗನಿದ್ದಲ್ಲಿಗೆ ಹೊರಡುವವರು ಯಾರಾದರೂ ಇದ್ದರೆ ಒಂದು ವಾರ ಮುಂಚೆ ತಿಳಿಸಿ. ಹೊಸದಾಗಿ ಸೀಲ್ ಮಾಡಿದ ಬಾಟಲಿಗಳನ್ನು ಅವರ ಮನೆಗೇ ತಲುಪಿಸುತ್ತೇನೆ, ದುಡ್ಡು ಬೇಡ.

ಇವತ್ತಿನಿಂದ ಪಾರ್ಸೆಲ್ ಹೊರಟ ದಿನವೇ ಕೊರಿಯರ್ ರಸೀದಿಯ ಫೋಟೋ ಗಿರಾಕಿಗಳ ವಾಟ್ಸಾಪ್‌ಗೆ ಹೋಗುತ್ತದೆ. ಫೋಟೋ ಬಂದಿಲ್ಲ ಅಂದರೆ ಪಾರ್ಸೆಲ್ ಹೊರಟಿಲ್ಲ ಎಂದೇ ಲೆಕ್ಕ, ನಾನು ಬಾಯಲ್ಲಿ ಏನೇ ಹೇಳಲಿ.

ಬೈಯಬೇಕೆನಿಸಿದರೆ ಅದೇ ನಂಬರಿಗೆ ಫೋನ್ ಮಾಡಿ, ನಾನೇ ಎತ್ತುತ್ತೇನೆ.

ಇಂತಿ,
ವಿನಯ
ತೀರ್ಥಹಳ್ಳಿ