ಕವುಚಿಟ್ಟ ಎಲೆ

ಉದ್ಯಾನ್ ಎಕ್ಸ್‌ಪ್ರೆಸ್ ಬೆಂಗಳೂರು ಬಿಟ್ಟು ಯಲಹಂಕ ದಾಟುವಷ್ಟರಲ್ಲಿ ವಾಡಿಯ ಲಾರಿ ಮಾಲೀಕರು ಸೂಟ್‌ಕೇಸಿನ ಮೇಲೆ ಟವೆಲ್ ಹಾಸಿ ಇಸ್ಪೀಟು ಕಲಸತೊಡಗಿದ್ದರು. ಕಲಬುರಗಿಯ ವಿದ್ಯಾರ್ಥಿಯೊಬ್ಬ ಸಿಕ್ಕಿದ್ದ, ನಾನಿದ್ದೆ. ಇಪ್ಪತ್ತೆಂಟರ ಆಟಕ್ಕೆ ನಾಲ್ವರು ಬೇಕು.

"ಅಕ್ಕಾವರೇ, ನಿಮಗೆ ಬರುತ್ತದೆಯೇ?"

ಪಕ್ಕದ ಬರ್ತಿನಲ್ಲಿ ಅಲ್ಲಿಯವರೆಗೆ ಒಂದು ಮಾತೂ ಆಡದೆ ಕುಳಿತಿದ್ದ ಹೆಂಗಸು ಹೊದಿಕೆ ಮಡಚಿಟ್ಟು ಬಂದರು. "ದುಡ್ಡು ಕಟ್ಟುವುದಾದರೆ ಬೇಡ" ಎಂದರು, ಅಷ್ಟೇ. ನನಗೆ ಜೋಡಿಯಾದರು.

ಮೂವತ್ತೆರಡು ಎಲೆ, ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಲಾರಿಯವರು ಜೋರಾಗಿ ಆಡುವವರು, ಎಲೆಯನ್ನು ಬಡಿದೇ ಹಾಕುವವರು. ಆಕೆ ಎಲೆಯನ್ನು ಸದ್ದಿಲ್ಲದೆ ಇಡುತ್ತಿದ್ದರು. ಹಿಂದೂಪುರ ಬರುವ ವೇಳೆಗೆ ನಾವು ನಾಲ್ಕು ಆಟ ಗೆದ್ದಿದ್ದೆವು. ನನ್ನ ಕೈಗುಣವೆಂದೇ ನಾನು ತಿಳಿದಿದ್ದೆ.

ಹತ್ತು ಗಂಟೆಯಾಗಿ ದೀಪಗಳು ಆರಿದವು. ನೀಲಿ ದೀಪದ ಮಬ್ಬಿನಲ್ಲಿ ಕೊನೆಯದೊಂದು ಆಟ. ಲಾರಿಯವರು ಇಪ್ಪತ್ತು ಕೇಳಿ ತುರುಪಿನ ಎಲೆಯನ್ನು ಕವುಚಿಟ್ಟರು. ನಾವು ಒಂಬತ್ತು ಹಿಡಿದರೆ ಅವರು ಸೋತಂತೆ. ಮೂರನೆಯ ಸುತ್ತಿನಲ್ಲೇ ಆಕೆಯ ಬಳಿ ಆಟೀನು ಮುಗಿದಿತ್ತು. ತುರುಪು ತೆರೆಸಬಹುದಿತ್ತು. ತೆರೆಸದೆ, ಬೆಲೆಯಿಲ್ಲದ ಡೈಮಂಡ್ ಎಂಟನ್ನು ಹಾಕಿ ಸುಮ್ಮನಾದರು. ನನಗೆ ಸಂಕಟವಾಯಿತು, ನೋಡಿದರೂ ಆಕೆ ಕಣ್ಣೆತ್ತಲಿಲ್ಲ.

ಏಳು ಸುತ್ತು ಮುಗಿದಾಗ ನಮ್ಮಲ್ಲಿದ್ದದ್ದು ನಾಲ್ಕೇ ಅಂಕ. ಲಾರಿಯವರ ಕೈ ಖಾಲಿಯಾಗಿ, ಕವುಚಿಟ್ಟ ಎಲೆಯನ್ನೇ ಎತ್ತಿ ಹಾಕಬೇಕಾಯಿತು: ಕಳಾವರ್ ಒಂಬತ್ತು. ನನ್ನದು ಆಟೀನು ಹತ್ತು, ಹುಡುಗನದು ಡೈಮಂಡ್ ಎಕ್ಕ. ಆಕೆ ಕಳಾವರ್ ಗುಲಾಮನನ್ನು ಟವೆಲಿನ ಮೇಲೆ ಮೆಲ್ಲಗೆ ಇಟ್ಟರು.

ಏಳು ಅಂಕ. ಲಾರಿಯವರು ಬಹಳ ಹೊತ್ತು ಆ ಎಲೆಯನ್ನೇ ನೋಡಿದರು. ಆಮೇಲೆ ಎದ್ದು ನಿಂತು ಕೈಮುಗಿದರು. ಅವರ ಆ ದೊಡ್ಡತನ ನನಗೆ ಇಂದಿಗೂ ಇಷ್ಟ.

ಬೆಳಗಿನ ಜಾವ ರಾಯಚೂರಿನಲ್ಲಿ ಆಕೆಯ ಚೀಲ ಇಳಿಸಿಕೊಡಲು ಎದ್ದೆ. ಬಾಗಿಲ ಬಳಿ ಕೇಳಿಯೇಬಿಟ್ಟೆ: "ಕವುಚಿದ್ದು ಯಾವ ಎಲೆ ಎಂದು ನಿಮಗೆ ಹೇಗೆ ತಿಳಿಯಿತು?"

"ಮೂರು ಒಂಬತ್ತು ಬಿದ್ದಿದ್ದವು. ನಾಲ್ಕನೆಯದು ಯಾರ ಕೈಯಿಂದಲೂ ಬರಲಿಲ್ಲವಲ್ಲ."

"ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತೀರಾ?"

"ನಮ್ಮ ಅಪ್ಪನಿಗೆ ಕಣ್ಣು ಹೋಗಿತ್ತು, ಇಸ್ಪೀಟಿನ ಆಸೆ ಹೋಗಿರಲಿಲ್ಲ. ಪಕ್ಕದಲ್ಲಿ ಕುಳಿತು, ಯಾರು ಯಾವ ಎಲೆ ಹಾಕಿದರೆಂದು ಅವರ ಕಿವಿಯಲ್ಲಿ ಹೇಳುತ್ತಿದ್ದವಳು ನಾನೇ. ಒಂದು ತಪ್ಪಿದರೂ ಅವರಿಗೆ ಆಟ ಕೆಡುತ್ತಿತ್ತು."

ರೈಲು ಕದಲಿತು. ಆಕೆ ಚೀಲವನ್ನು ಹೆಗಲಿಗೇರಿಸಿ, "ಆ ಆಟೀನು ಹತ್ತನ್ನು ಕೊನೆಯವರೆಗೆ ಉಳಿಸಿಕೊಂಡಿರಿ, ಒಳ್ಳೆಯದಾಯಿತು" ಎಂದರು.