ಕಾಂಪೌಂಡಿನ ಬಳಿ ಒಂದೇ ಚಾರ್ಜರ್: ನಿಮ್ಮ ಪರಿಶೀಲನೆಗೆ

ಮಾನ್ಯರೇ,

ನಿಮ್ಮ ಹೊಸ ಕಾರಿಗೆ ಪ್ರತ್ಯೇಕ ಚಾರ್ಜರ್ ಹಾಕಿಸುವ ಯೋಚನೆಯಿದೆ ಎಂದು ಮೊನ್ನೆ ಗೇಟಿನ ಬಳಿ ಹೇಳಿದಿರಿ. ನಾನೂ ಅದೇ ಯೋಚನೆಯಲ್ಲಿದ್ದೇನೆ. ಸಾಮಾನ್ಯ ಸಾಕೆಟ್ಟಿನಲ್ಲಿ ರಾತ್ರಿಯಿಡೀ ಚಾರ್ಜಿಗಿಟ್ಟ ನನ್ನ ಪ್ಲಗ್ಗಿನ ಒಂದು ಪಿನ್ನು ಕಂದುಗಟ್ಟಿರುವುದನ್ನು ಕಂಡ ಮೇಲೆ ಇನ್ನು ತಡಮಾಡುವ ಧೈರ್ಯ ನನಗಿಲ್ಲ. ಇಬ್ಬರೂ ಬೇರೆ ಬೇರೆ ಖರ್ಚು ಮಾಡುವ ಬದಲು, ನಮ್ಮಿಬ್ಬರ ನಡುವಿನ ಗೋಡೆಯ ಕಂಬಕ್ಕೆ 7.4 ಕಿಲೋವ್ಯಾಟ್‌ನ ಒಂದೇ ಚಾರ್ಜರ್ ಹಾಕಿಸಿ, ಏಳು ಮೀಟರ್ ಕೇಬಲ್ ಇಟ್ಟರೆ ಎರಡೂ ಕಾರುಗಳಿಗೆ ಎಟುಕುತ್ತದೆ.

ಸಂಪರ್ಕ ನನ್ನ ಮನೆಯಿಂದ ಇರಲಿ. ಚಾರ್ಜರ್ ಒಂದೇ 32 ಆಂಪಿಯರ್ ಎಳೆಯುವುದರಿಂದ ಮಂಜೂರಾದ ಲೋಡ್ ಹೆಚ್ಚಿಸಬೇಕಾಗುತ್ತದೆ. ಅದರ ಅರ್ಜಿಯನ್ನು ನಾನೇ ಹಾಕುತ್ತೇನೆ. ನೆರೆಮನೆಯೊಂದಿಗೆ ಸಂಪರ್ಕ ಹಂಚಿಕೊಳ್ಳಲು ಅನುಮತಿ ಇದೆಯೇ ಎಂಬುದನ್ನೂ ಆಗಲೇ ಲಿಖಿತವಾಗಿ ಕೇಳಿ, ಉತ್ತರ ಬಂದ ಮೇಲಷ್ಟೇ ಕೆಲಸ ಶುರು ಮಾಡೋಣ. ಚಾರ್ಜರ್, ಪ್ರತ್ಯೇಕ ಅರ್ಥಿಂಗ್, ಸೋರಿಕೆ ಕಂಡೊಡನೆ ಕಡಿತಗೊಳಿಸುವ ಬ್ರೇಕರ್, ಕೂಲಿ ಎಲ್ಲವೂ ಸಮಪಾಲು. ಹೆಚ್ಚುವರಿ ಲೋಡಿನ ಮಾಸಿಕ ನಿಗದಿತ ಶುಲ್ಕವೂ ಸಮಪಾಲೇ, ಏಕೆಂದರೆ ಬಳಸಿದರೂ ಬಳಸದಿದ್ದರೂ ಅದು ಇಬ್ಬರಿಗಾಗಿ ಕಾದಿರುತ್ತದೆ.

ಲೆಕ್ಕದ ವಿಷಯವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೆರೆಹೊರೆಯಲ್ಲಿ ಮನಸ್ತಾಪ ಹುಟ್ಟುವುದೇ ಇಂಥಲ್ಲಿ. ಚಾರ್ಜರಿನ ಹಿಂದೆ ಒಂದು ಸಬ್ ಮೀಟರ್ ಇರುತ್ತದೆ. ಒಟ್ಟು ಯೂನಿಟ್‌ಗೆ ಅದರ ರೀಡಿಂಗೇ ಅಂತಿಮ. ಯಾರದೆಷ್ಟು ಎಂಬುದು, ಚಾರ್ಜ್ ಶುರುಮಾಡಲು ಚಾರ್ಜರಿಗೆ ತೋರಿಸುವ ನಮ್ಮಿಬ್ಬರ ಪ್ರತ್ಯೇಕ ಕಾರ್ಡುಗಳ ದಾಖಲೆಯಿಂದ ತಿಳಿಯುತ್ತದೆ. ಕಾರಿನ ಪರದೆ ತೋರಿಸುವ ಅಂಕಿಯನ್ನು ಹಿಡಿಯುವುದು ಬೇಡ. ಚಾರ್ಜಾಗುವಾಗ ಒಂದಿಷ್ಟು ವಿದ್ಯುತ್ ಶಾಖವಾಗಿ ಹೋಗುವುದರಿಂದ ಅದು ಸಾಮಾನ್ಯವಾಗಿ ಮೀಟರಿಗಿಂತ ಕಡಿಮೆಯೇ ಇರುತ್ತದೆ. ಉದಾಹರಣೆಗೆ, ತಿಂಗಳಿಗೆ ಸಬ್ ಮೀಟರ್ 214 ಯೂನಿಟ್ ತೋರಿಸಿ, ನಿಮ್ಮ ಕಾರ್ಡಿನಲ್ಲಿ 131, ನನ್ನದರಲ್ಲಿ 79 ಇದ್ದರೆ, ಉಳಿದ 4 ಯೂನಿಟ್ ಚಾರ್ಜರ್ ಸುಮ್ಮನಿರುವಾಗ ತಿಂದದ್ದು. ಅದನ್ನು ಅರ್ಧ ಮಾಡಿ ನಿಮಗೆ 133, ನನಗೆ 81 ಎಂದು ಬರೆಯೋಣ.

ದರದಲ್ಲಿ ಇನ್ನೊಂದು ತೊಡಕಿದೆ. ಬಳಕೆ ಹೆಚ್ಚಿದಂತೆ ಯೂನಿಟ್ ದರವೂ ಏರುವ ಸ್ಲ್ಯಾಬ್ ಪದ್ಧತಿಯಿದ್ದರೆ, ಬಿಲ್ಲಿನ ಸರಾಸರಿ ದರ ಹಿಡಿದಾಗ ಕಾರುಗಳಿಂದಾದ ಏರಿಕೆಯ ಒಂದು ಪಾಲು ನನ್ನ ಮನೆಯ ದೀಪ, ಫ್ಯಾನುಗಳ ಮೇಲೆ ಬೀಳುತ್ತದೆ. ಆದ್ದರಿಂದ ಬಿಲ್ ಬಂದಾಗ, ಸಬ್ ಮೀಟರಿನ ಯೂನಿಟ್ ಕಳೆದರೆ ಬಳಕೆಯ ಮೊತ್ತ ಎಷ್ಟಾಗುತ್ತಿತ್ತೆಂದು ಲೆಕ್ಕಹಾಕಿ, ಆ ವ್ಯತ್ಯಾಸವನ್ನಷ್ಟೇ 133:81ರಂತೆ ಹಂಚೋಣ. ಇದರಲ್ಲಿ ನನಗೆ ಲಾಭವೂ ಬೇಡ, ನಷ್ಟವೂ ಬೇಡ. ತಿಂಗಳ 1ನೇ ತಾರೀಖು ಇಬ್ಬರೂ ಇರುವಾಗಲೇ ಮೀಟರಿನ ಫೋಟೊ ತೆಗೆದು, ಬಿಲ್ ಬಂದ ಏಳು ದಿನದೊಳಗೆ ಹಣ ತೀರಿಸಿದರೆ ಸಾಕು.

ನಿಮ್ಮ ಓಡಾಟ ಹೆಚ್ಚು. ಸೋಮವಾರ, ಬುಧವಾರ, ಶುಕ್ರವಾರ ಮತ್ತು ಭಾನುವಾರದ ರಾತ್ರಿಗಳು ನಿಮಗಿರಲಿ, ಉಳಿದ ಮೂರು ನನಗೆ. ತುರ್ತಿದ್ದರೆ ಒಂದು ಫೋನ್ ಸಾಕು.

ರಿಪೇರಿ ಸಮಪಾಲು, ಆದರೆ ಕೇಬಲ್ಲಿನ ಮೇಲೆ ಕಾರು ಹತ್ತಿಸಿದವರು ತಾವೇ ಭರಿಸಬೇಕು (ಬಹುಶಃ ಅದು ನನ್ನ ಮಗನೇ ಆಗಿರುತ್ತಾನೆ). ನೀವು ಮನೆ ಬದಲಿಸಿದರೆ, ಚಾರ್ಜರಿನ ಆಯುಸ್ಸನ್ನು 96 ತಿಂಗಳೆಂದು ಹಿಡಿದು, ಉಳಿದ ತಿಂಗಳುಗಳಿಗೆ ತಕ್ಕ ನಿಮ್ಮ ಪಾಲನ್ನು ನಾನು ಹಿಂದಿರುಗಿಸುತ್ತೇನೆ.

ಒಪ್ಪದ ಸಾಲುಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಡಿ. ಭಾನುವಾರ ಬೆಳಿಗ್ಗೆ ಬಂದು ಮಾತನಾಡುತ್ತೇನೆ.

ಇಂತಿ,
ನಿಮ್ಮ ಎಡಮನೆಯವನು