ಶಿಕ್ಷಕ ಅರ್ಹತಾ ಪರೀಕ್ಷೆ, ಪತ್ರಿಕೆ 1: ಶಿಶು ವಿಕಾಸ ಮತ್ತು ಕಲಿಕಾ ಸಿದ್ಧಾಂತಗಳ ಅಭ್ಯಾಸ ಪ್ರಶ್ನೆಗಳು, ಉತ್ತರ ವಿವರಣೆಯೊಂದಿಗೆ

ಮಹಾರಾಷ್ಟ್ರದ ಶಿಕ್ಷಕ ಅರ್ಹತಾ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯಲಿರುವ, ಮಾಟುಂಗಾದ ನಮ್ಮ ರವಿವಾರದ ತರಗತಿಯ ಅಭ್ಯರ್ಥಿಗಳಿಗಾಗಿ ಈ ಪ್ರಶ್ನೆಗಳನ್ನು ಸಿದ್ಧಪಡಿಸಲಾಗಿದೆ. ಪತ್ರಿಕೆಯ 150 ಪ್ರಶ್ನೆಗಳಲ್ಲಿ 30 ಈ ವಿಭಾಗದವು. ಒಟ್ಟು ಅವಧಿ 150 ನಿಮಿಷಗಳಾದ್ದರಿಂದ ಒಂದು ಪ್ರಶ್ನೆಗೆ ಸಿಗುವುದು ಒಂದೇ ನಿಮಿಷ. ಮೊದಲು ಉತ್ತರವನ್ನು ಗುರುತಿಸಿ, ಅನಂತರವೇ ವಿವರಣೆಯನ್ನು ಓದಬೇಕು.

ಪ್ರಶ್ನೆ 1. ಘಾಟ್‌ಕೋಪರಿನ ನಾಲ್ಕು ವರ್ಷದ ಬಾಲಕಿಯೊಬ್ಬಳು ಮೆಟ್ರೋ ರೈಲನ್ನು ಮೊದಲ ಸಲ ಕಂಡು "ಲೋಕಲ್ ಬಂತು" ಎನ್ನುತ್ತಾಳೆ. ಅದು ಕಂಬಗಳ ಮೇಲಿನ ಹಳಿಯಲ್ಲಿ ಓಡುವುದನ್ನೂ ಲೋಕಲ್ಲಿನಂತೆ ಬಾಗಿಲು ತೆರೆದಿರದಿರುವುದನ್ನೂ ಗಮನಿಸಿದ ಮೇಲೆ, ಇದು ಬೇರೆಯೇ ಬಗೆಯ ರೈಲು ಎಂದು ತಿಳಿದು ಅದನ್ನು ಮೆಟ್ರೋ ಎಂದು ಕರೆಯತೊಡಗುತ್ತಾಳೆ. ಪಿಯಾಜೆಯ ಪ್ರಕಾರ ಈ ಎರಡನೆಯ ಬದಲಾವಣೆ ಯಾವುದು?
(ಎ) ಸ್ವಾಂಗೀಕರಣ (ಬಿ) ಹೊಂದಾಣಿಕೆ (ಸಿ) ನಿತ್ಯತೆಯ ಪರಿಕಲ್ಪನೆ (ಡಿ) ಅನುಬಂಧನ

ಉತ್ತರ: ಬಿ. ಹೊಸ ಅನುಭವವನ್ನು ತನ್ನಲ್ಲಿ ಆಗಲೇ ಇರುವ ಮಾನಸಿಕ ಚೌಕಟ್ಟಿನೊಳಗೆ ಸೇರಿಸಿಕೊಂಡದ್ದು ಸ್ವಾಂಗೀಕರಣ. ಆ ಚೌಕಟ್ಟನ್ನೇ ಬದಲಿಸಿಕೊಂಡದ್ದು ಹೊಂದಾಣಿಕೆ. ಮಗುವಿನ ಮೊದಲ ಮಾತನ್ನು ತಪ್ಪೆಂದು ತಳ್ಳಿಹಾಕಬಾರದು, ಏಕೆಂದರೆ ಎರಡನೆಯದಕ್ಕೆ ದಾರಿಯಾಗುವುದು ಅದೇ.

ಪ್ರಶ್ನೆ 2. ಪಟ್ಟಿ ಒಂದರ ಮನೋವಿಜ್ಞಾನಿಗಳನ್ನು ಪಟ್ಟಿ ಎರಡರ ಮುಖ್ಯ ವಿಚಾರಗಳೊಂದಿಗೆ ಹೊಂದಿಸಿರಿ.

ಪಟ್ಟಿ ಒಂದು:
1. ಪಾವ್ಲೋವ್
2. ಥಾರ್ನ್‌ಡೈಕ್
3. ಸ್ಕಿನ್ನರ್
4. ಕೋಹ್ಲರ್
5. ಬಂಡೂರ

ಪಟ್ಟಿ ಎರಡು:
ಕ. ಇತರರ ವರ್ತನೆಯನ್ನೂ ಅದರ ಫಲವನ್ನೂ ನೋಡಿ ಕಲಿಯುವುದು
ಖ. ಸನ್ನಿವೇಶದ ಭಾಗಗಳ ಸಂಬಂಧ ಒಮ್ಮೆಲೇ ಹೊಳೆಯುವುದು
ಗ. ತಟಸ್ಥ ಪ್ರಚೋದನೆಯು ಸಹಜ ಪ್ರಚೋದನೆಯೊಡನೆ ಮತ್ತೆ ಮತ್ತೆ ಬಂದು ಅದೇ ಪ್ರತಿಕ್ರಿಯೆಯನ್ನು ಉಂಟುಮಾಡುವುದು
ಘ. ಪುನರ್ಬಲನದ ವೇಳಾಕ್ರಮಗಳಿಂದ ವರ್ತನೆಯನ್ನು ರೂಪಿಸುವುದು
ಚ. ಪ್ರಯತ್ನ-ಪ್ರಮಾದ ಹಾಗೂ ಪರಿಣಾಮ ನಿಯಮ

(ಎ) 1-ಗ, 2-ಘ, 3-ಚ, 4-ಖ, 5-ಕ
(ಬಿ) 1-ಗ, 2-ಚ, 3-ಘ, 4-ಖ, 5-ಕ
(ಸಿ) 1-ಚ, 2-ಗ, 3-ಘ, 4-ಕ, 5-ಖ
(ಡಿ) 1-ಘ, 2-ಚ, 3-ಗ, 4-ಖ, 5-ಕ

ಉತ್ತರ: ಬಿ. ಅಭ್ಯರ್ಥಿಗಳು ಹೆಚ್ಚಾಗಿ ಎಡವುವುದು (ಎ) ಆಯ್ಕೆಯಲ್ಲಿ, ಅಂದರೆ ಥಾರ್ನ್‌ಡೈಕ್ ಮತ್ತು ಸ್ಕಿನ್ನರ್ ಇವರ ನಡುವೆ. ವರ್ತನೆಯ ಫಲವೇ ಕಲಿಕೆಯನ್ನು ನಿರ್ಧರಿಸುತ್ತದೆ ಎಂದು ಇಬ್ಬರೂ ಹೇಳುವುದರಿಂದ ಈ ಗೊಂದಲ ಸಹಜ. ಥಾರ್ನ್‌ಡೈಕನ ಬೆಕ್ಕು ಒಗಟಿನ ಪೆಟ್ಟಿಗೆಯಿಂದ ಹೊರಬರಲು ಹಲವು ವ್ಯರ್ಥ ಚಲನೆಗಳನ್ನು ಮಾಡಿ, ತೃಪ್ತಿ ತಂದ ಚಲನೆಯನ್ನು ಮಾತ್ರ ಕ್ರಮೇಣ ಉಳಿಸಿಕೊಂಡಿತು. ಸ್ಕಿನ್ನರ್ ಈ ನಿಯಮವನ್ನೇ ಮುಂದುವರಿಸಿ, ಪುನರ್ಬಲನವನ್ನು ಯಾವಾಗ ಮತ್ತು ಎಷ್ಟು ಸಲಕ್ಕೊಮ್ಮೆ ನೀಡಿದರೆ ವರ್ತನೆ ಹೇಗೆ ಬದಲಾಗುತ್ತದೆಂಬುದನ್ನು ಇಲಿ ಮತ್ತು ಪಾರಿವಾಳಗಳ ಮೇಲೆ ಪರಿಶೀಲಿಸಿದನು. ಆದ್ದರಿಂದ "ವೇಳಾಕ್ರಮ" ಎಂಬ ಪದ ಕಂಡಲ್ಲಿ ಸ್ಕಿನ್ನರನನ್ನೂ "ಪ್ರಮಾದ" ಕಂಡಲ್ಲಿ ಥಾರ್ನ್‌ಡೈಕನನ್ನೂ ನೆನೆಯಬೇಕು. ಪೆಟ್ಟಿಗೆಗಳನ್ನು ಒಂದರ ಮೇಲೊಂದಿಟ್ಟು ಬಾಳೆಹಣ್ಣನ್ನು ಎಟುಕಿಸಿಕೊಂಡ ಚಿಂಪಾಂಜಿಗಳು ಕೋಹ್ಲರನವು. ಹಿರಿಯರು ಬೋಬೋ ಗೊಂಬೆಯನ್ನು ಹೊಡೆಯುವುದನ್ನು ಮಕ್ಕಳು ಅನುಕರಿಸಿದ 1961ರ ಪ್ರಯೋಗ ಬಂಡೂರನದು.

ಪ್ರಶ್ನೆ 3. ವಾರವಿಡೀ ಮನೆಗೆಲಸವನ್ನು ತಪ್ಪದೆ ತಂದವರಿಗೆ ಶನಿವಾರದ ಮನೆಗೆಲಸದಿಂದ ವಿನಾಯಿತಿ ನೀಡಿದ್ದರಿಂದ, ಮನೆಗೆಲಸ ತರುವವರ ಸಂಖ್ಯೆ ಹೆಚ್ಚಿತು. ಇದು ಏನು?
(ಎ) ಧನಾತ್ಮಕ ಪುನರ್ಬಲನ (ಬಿ) ಶಿಕ್ಷೆ (ಸಿ) ಋಣಾತ್ಮಕ ಪುನರ್ಬಲನ (ಡಿ) ವಿಲೋಪನ

ಉತ್ತರ: ಸಿ. ಮಕ್ಕಳಿಗೆ ಬೇಡವಾದದ್ದನ್ನು ತೆಗೆದುಹಾಕಿದ್ದರಿಂದ ವರ್ತನೆ ಹೆಚ್ಚಿತು. "ಋಣಾತ್ಮಕ" ಎಂಬ ಪದವನ್ನು ಕಂಡೊಡನೆ ಶಿಕ್ಷೆಯೆಂದು ಭಾವಿಸಬಾರದು. ಶಿಕ್ಷೆ ವರ್ತನೆಯನ್ನು ಕುಗ್ಗಿಸುತ್ತದೆ, ಪುನರ್ಬಲನವು ಯಾವ ಬಗೆಯದಾದರೂ ಹೆಚ್ಚಿಸುತ್ತದೆ.

ಪ್ರಶ್ನೆ 4. ಮನೆಯಲ್ಲಿ ತುಳು, ಓಣಿಯಲ್ಲಿ ಮರಾಠಿ ಮಾತನಾಡುವ ಮೂರನೆಯ ತರಗತಿಯ ಬಾಲಕನೊಬ್ಬನಿಗೆ ದಶಕ ಬಿಡಿಸಿ ಕಳೆಯುವ ಲೆಕ್ಕವನ್ನು ಒಬ್ಬನೇ ಮಾಡಲು ಬರುವುದಿಲ್ಲ. ಹತ್ತತ್ತು ಕಡ್ಡಿಗಳ ಕಟ್ಟುಗಳನ್ನು ಶಿಕ್ಷಕಿ ಮುಂದಿಟ್ಟು, ಅವನಿಗೆ ತಿಳಿಯುವ ಮಾತಿನಲ್ಲಿ ಕೇಳುತ್ತ ಹೋದರೆ ಮಾಡಬಲ್ಲನು. ಅವನಿಗೆ ಹಿಡಿತ ಬಂದಂತೆ ಅವರು ಕಡ್ಡಿಗಳನ್ನು ಮೆಲ್ಲಗೆ ಕಡಿಮೆ ಮಾಡುತ್ತಾರೆ. ಬಾಲಕನ ಸ್ಥಿತಿ ಮತ್ತು ಶಿಕ್ಷಕಿಯ ಕ್ರಮವನ್ನು ಅನುಕ್ರಮವಾಗಿ ಸೂಚಿಸುವ ಜೋಡಿ ಯಾವುದು?
(ಎ) ಮೂರ್ತ ಕಾರ್ಯಗಳ ಹಂತ, ಪುನರ್ಬಲನ
(ಬಿ) ಅಹಂಕೇಂದ್ರಿತ ಚಿಂತನೆ, ಆವಿಷ್ಕಾರ ಕಲಿಕೆ
(ಸಿ) ಸಮೀಪ ವಿಕಾಸ ವಲಯ, ಸ್ಕ್ಯಾಫೋಲ್ಡಿಂಗ್
(ಡಿ) ಅಂತರ್ದೃಷ್ಟಿ, ಅನುಕರಣೆ

ಉತ್ತರ: ಸಿ. ಎಂಟು ವರ್ಷದ ಮಗು ಪಿಯಾಜೆಯ ಮೂರ್ತ ಕಾರ್ಯಗಳ ಹಂತದಲ್ಲಿಯೂ ಇರುವುದರಿಂದ (ಎ) ಆಯ್ಕೆಯ ಮೊದಲರ್ಧ ಸುಳ್ಳಲ್ಲ. ಆದರೆ ಪ್ರಶ್ನೆ ಒತ್ತಿ ಹೇಳುವುದು ಒಬ್ಬನೇ ಮಾಡಬಲ್ಲುದಕ್ಕೂ ನೆರವಿನಿಂದ ಮಾಡಬಲ್ಲುದಕ್ಕೂ ಇರುವ ಅಂತರವನ್ನು, ಮತ್ತು ಆ ಅಂತರವೇ ವೈಗೋಟ್‌ಸ್ಕಿಯ ಸಮೀಪ ವಿಕಾಸ ವಲಯ. ಸ್ಕ್ಯಾಫೋಲ್ಡಿಂಗ್ ಎಂದರೆ ಕಟ್ಟಡ ಏಳುವಾಗ ಕಟ್ಟಿ, ಎದ್ದ ಮೇಲೆ ಬಿಚ್ಚುವ ಸಾರುವೆಯಂತಹ ತಾತ್ಕಾಲಿಕ ಆಸರೆ. ನೆರವನ್ನು ಹಿಂತೆಗೆಯದಿದ್ದರೆ ಆ ಹೆಸರು ಸಲ್ಲುವುದಿಲ್ಲ. ವೈಗೋಟ್‌ಸ್ಕಿ 1934ರಲ್ಲಿಯೇ ತೀರಿಕೊಂಡನು. ಈ ಪದವನ್ನು ಕಲಿಸುವಿಕೆಗೆ ಅನ್ವಯಿಸಿದವರು 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್.

ಪ್ರಶ್ನೆ 5. ಶಿಶು ಮೊದಲು ಕತ್ತನ್ನು ನಿಲ್ಲಿಸಿ, ಬಳಿಕ ಕುಳಿತು, ಕೊನೆಗೆ ನಡೆಯುವುದು ವಿಕಾಸದ ಯಾವ ತತ್ವ?
(ಎ) ಕೇಂದ್ರದಿಂದ ಪರಿಧಿಗೆ (ಬಿ) ಶಿರದಿಂದ ಪಾದಕ್ಕೆ (ಸಿ) ವೈಯಕ್ತಿಕ ಭಿನ್ನತೆ (ಡಿ) ಸಾಮಾನ್ಯದಿಂದ ವಿಶಿಷ್ಟಕ್ಕೆ

ಉತ್ತರ: ಬಿ. ಇಡೀ ತೋಳನ್ನು ಬೀಸಿದ ಮೇಲೆ ಬೆರಳುಗಳಿಂದ ಹಿಡಿಯಲು ಕಲಿಯುವ ಉದಾಹರಣೆ ಬಂದರೆ ಉತ್ತರ (ಎ) ಆಗುತ್ತದೆ.